ಅತಿಥಿ ಉಳಿದು ಹೋಗಿದ್ದರೂ ‘ನೋ-ಶೋ’, ನಮ್ಮ ಕಮಿಷನ್ ಬಾಕಿ: ಬುಕಿಂಗ್ ತಾಣಕ್ಕೆ ಇಮೇಲ್ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಸಣ್ಣದೊಂದು ಟ್ರಾವೆಲ್ಸ್ ಕಚೇರಿ ನಡೆಸುತ್ತಿದ್ದೇನೆ. ಬಸ್ಸು, ರೈಲು ಟಿಕೆಟ್ಟುಗಳ ಜೊತೆಗೆ ಆನ್‌ಲೈನ್ ಬುಕಿಂಗ್ ತಾಣದ ಏಜೆಂಟ್ ಖಾತೆಯ ಮೂಲಕ ಹೊರಊರುಗಳ ಹೋಟೆಲ್ ರೂಮುಗಳನ್ನೂ ಕಾಯ್ದಿರಿಸಿಕೊಡುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗಳಲ್ಲಿ ಇದೇ ಕೆಲಸ ಮಾಡುವ ಹಲವರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ, ನನಗೇ ಎದುರಾದ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಒಂದು ಬುಕಿಂಗ್ ‘ನೋ-ಶೋ’ ಎಂದಾದರೆ ನಮ್ಮ ಕಮಿಷನ್ ಏಕೆ ನಿಲ್ಲುತ್ತದೆ?

ರೂಮು ಕಾಯ್ದಿರಿಸಿದ್ದಕ್ಕೆ ಏಜೆಂಟರಿಗೆ ಹಣ ಬರುವುದಿಲ್ಲ, ಅತಿಥಿ ಉಳಿದು ಹೋದದ್ದಕ್ಕೆ ಬರುತ್ತದೆ. ‘ಹೋಟೆಲ್‌ನಲ್ಲೇ ಪಾವತಿ’ ಎಂಬ ಬಗೆಯ ಬುಕಿಂಗ್‌ನಲ್ಲಿ ಅತಿಥಿ ಹಣವನ್ನು ನೇರವಾಗಿ ಹೋಟೆಲ್‌ಗೆ ಕೊಡುತ್ತಾರೆ. ತಾಣದವರು ಆಮೇಲೆ ಹೋಟೆಲ್‌ನಿಂದ ತಮ್ಮ ಪಾಲನ್ನು ವಸೂಲು ಮಾಡಿ, ಅದರಲ್ಲಿ ಒಂದಂಶವನ್ನು ನಮಗೆ ಕೊಡುತ್ತಾರೆ. ಅತಿಥಿ ಬಂದರೋ ಇಲ್ಲವೋ ಎಂಬುದನ್ನು ತಾಣಕ್ಕೆ ತಿಳಿಸುವವರು ಹೋಟೆಲ್‌ನವರು ಮಾತ್ರ. ಅವರು ‘ನೋ-ಶೋ’, ಅಂದರೆ ‘ಬರಲಿಲ್ಲ’, ಎಂದು ಗುರುತಿಸಿ ದಂಡವನ್ನೂ ಮನ್ನಾ ಮಾಡಿದರೆ, ತಾಣಕ್ಕೆ ಹೋಟೆಲ್‌ನಿಂದ ಬರಬೇಕಾದ ಹಣ ಸೊನ್ನೆಯಾಗುತ್ತದೆ, ಅದರ ಹಿಂದೆಯೇ ನಮ್ಮ ಪಾಲೂ ಸೊನ್ನೆಯಾಗುತ್ತದೆ.

ಹೀಗಾಗಿ ‘ಕಮಿಷನ್ ಕೊಡಿ’ ಎಂದಷ್ಟೇ ಬರೆದ ಇಮೇಲ್‌ನಿಂದ ಪ್ರಯೋಜನವಿಲ್ಲ. ಪಾವತಿ ವಿಭಾಗದವರು ಪರದೆಯಲ್ಲಿ ‘ನೋ-ಶೋ’ ಎಂದಿರುವುದನ್ನು ನೋಡಿ, ‘ಈ ಬುಕಿಂಗ್‌ಗೆ ಕಮಿಷನ್ ಅನ್ವಯಿಸುವುದಿಲ್ಲ’ ಎಂದು ಉತ್ತರಿಸುತ್ತಾರೆ, ಅವರ ಮಟ್ಟಿಗೆ ಅದು ಸರಿಯೂ ಹೌದು. ಮೊದಲು ಗುರುತು ಬದಲಾಗಬೇಕು, ಹಣ ಅದರ ಹಿಂದೆ ಬರಬೇಕು. ಎರಡನ್ನೂ ಇದೇ ಕ್ರಮದಲ್ಲಿ ಒಂದೇ ಇಮೇಲ್‌ನಲ್ಲಿ ಕೇಳಬೇಕು.

ಹಣ ಬಾರದಿರುವುದಕ್ಕೆ ನೋ-ಶೋ ಗುರುತೇ ಕಾರಣವೆಂದು ಹೇಗೆ ತಿಳಿಯುವುದು?

ಕಮಿಷನ್ ಲೆಕ್ಕಪತ್ರದಲ್ಲಿ ಆ ಬುಕಿಂಗ್ ಸಂಖ್ಯೆಯನ್ನು ಹುಡುಕಿ. ಸಾಲು ಇದ್ದು, ಎದುರಿಗೆ ನೋ-ಶೋ ಎಂದೂ ಮೊತ್ತ ಸೊನ್ನೆ ಎಂದೂ ಇದ್ದರೆ ಈ ಪುಟ ನಿಮಗಾಗಿಯೇ ಇದೆ. ಸಾಲೇ ಇಲ್ಲದಿದ್ದರೆ ಬುಕಿಂಗ್ ನಿಮ್ಮ ಏಜೆಂಟ್ ಖಾತೆಯಲ್ಲಿ ಆಗದೆ ಅತಿಥಿಯ ಸ್ವಂತ ಖಾತೆಯಲ್ಲಿ ಆಗಿರಬಹುದು. ಸಾಲಿನಲ್ಲಿ ಮೊತ್ತವಿದ್ದೂ ಹಣ ಬ್ಯಾಂಕಿಗೆ ಬಾರದಿದ್ದರೆ, ಒಪ್ಪಂದದಲ್ಲಿರುವ ಕನಿಷ್ಠ ಪಾವತಿ ಮಿತಿಯನ್ನೂ ನೀವು ಕೊಟ್ಟ ಬ್ಯಾಂಕ್ ವಿವರಗಳನ್ನೂ ನೋಡಿಕೊಳ್ಳಿ. ಅತಿಥಿ ರೂಮು ಬಿಟ್ಟ ತಿಂಗಳ ಲೆಕ್ಕ ಸಾಮಾನ್ಯವಾಗಿ ಮುಂದಿನ ತಿಂಗಳಲ್ಲಿ ಬರುವುದರಿಂದ ಅದಕ್ಕೂ ಮೊದಲೇ ದೂರು ಬರೆಯುವುದು ಬೇಡ. ಲೆಕ್ಕ ಬಂದ ಮೇಲೆ ತಡಮಾಡುವುದೂ ಬೇಡ, ಏಕೆಂದರೆ ತಕರಾರು ಎತ್ತಲು ಎಷ್ಟು ದಿನಗಳ ಅವಕಾಶವಿದೆ ಎಂಬುದನ್ನು ಒಪ್ಪಂದದಲ್ಲಿ ಬರೆದಿರುತ್ತಾರೆ.

ಅತಿಥಿ ಉಳಿದಿದ್ದರೂ ಹೋಟೆಲ್‌ನವರು ಹೀಗೇಕೆ ಗುರುತಿಸುತ್ತಾರೆ? ಮೋಸವೇ?

ಕೆಲವೊಮ್ಮೆ ಮೋಸವೇ ಆಗಿರುತ್ತದೆ. ನೋ-ಶೋ ಎಂದು ಹಾಕಿದರೆ ತಾಣಕ್ಕೆ ಕಟ್ಟಬೇಕಾದ ಹಣ ಹೋಟೆಲ್‌ಗೆ ಉಳಿಯುತ್ತದೆ. ಆದರೆ ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವು ರಿಸೆಪ್ಷನ್ ಮೇಜಿನ ಗೊಂದಲದಿಂದ ಆದಂಥವು. ಅದು ಹೇಗೆ ಆಗುತ್ತದೆ ಎಂಬುದನ್ನು ನಮ್ಮದೇ ಪ್ರಕರಣದಿಂದ ಹೇಳುತ್ತೇನೆ.

ಮುಳಬಾಗಿಲಿನ ಒಬ್ಬ ನಿವೃತ್ತ ಮೇಷ್ಟ್ರು ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಮೈಸೂರಿಗೆ ಹೊರಟಿದ್ದರು. ನವೆಂಬರ್ 14ರಿಂದ 16ರವರೆಗೆ, ಎರಡು ರಾತ್ರಿಗೆ ಎರಡು ರೂಮುಗಳನ್ನು ಕಾಯ್ದಿರಿಸಿದೆವು. ಫೋನ್ ಮಾಡಿದವರು ಮಗಳಾದ್ದರಿಂದ ಬುಕಿಂಗ್ ಅವರ ಹೆಸರಿನಲ್ಲಿ ಆಯಿತು. ಅಂದು ರಾತ್ರಿ ಒಂಬತ್ತರ ಸುಮಾರಿಗೆ ಹೋಟೆಲ್ ತಲುಪಿದಾಗ ಮಗಳು ಮಲಗಿದ್ದ ಮಗುವನ್ನು ಎತ್ತಿಕೊಂಡು ಕಾರಿನಲ್ಲೇ ಇದ್ದರು. ಮೇಷ್ಟ್ರು ಒಳಗೆ ಹೋಗಿ, ‘ಎರಡು ರೂಮು ಹೇಳಿದ್ದೇವೆ’ ಎಂದು ತಮ್ಮ ಹೆಸರು ಹೇಳಿ, ತಮ್ಮ ಆಧಾರ್ ಕಾರ್ಡು ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿದರು. ರಿಸೆಪ್ಷನ್‌ನಲ್ಲಿದ್ದ ಹುಡುಗನಿಗೆ ಆ ಹೆಸರಿನ ಬುಕಿಂಗ್ ಸಿಗಲಿಲ್ಲ. ರೂಮು ಖಾಲಿ ಇದ್ದುದರಿಂದ, ಆಗಷ್ಟೇ ಬಾಗಿಲಿಗೆ ಬಂದವರೆಂಬಂತೆ, ಅವರ ಭಾಷೆಯಲ್ಲಿ ‘ವಾಕ್-ಇನ್’ ಎಂದು, ಹೊಸ ನಮೂದು ಮಾಡಿ ಕೀಲಿ ಕೊಟ್ಟುಬಿಟ್ಟ.

ಮಗಳ ಹೆಸರಿನ ಆನ್‌ಲೈನ್ ಬುಕಿಂಗ್ ಇನ್ನೂ ಬಾರದ ಅತಿಥಿಗಳ ಪಟ್ಟಿಯಲ್ಲೇ ಉಳಿಯಿತು. ಹೋಟೆಲ್‌ಗಳು ಮಧ್ಯರಾತ್ರಿಯ ನಂತರ ಆ ದಿನದ ಲೆಕ್ಕ ಮುಚ್ಚುತ್ತವೆ, ಅದಕ್ಕೆ ‘ನೈಟ್ ಆಡಿಟ್’ ಎನ್ನುತ್ತಾರೆ. ಹಾಗೆ ಮುಚ್ಚುವಾಗ ಬಂದಿಲ್ಲವೆಂದು ತೋರುವ ಬುಕಿಂಗ್‌ಗಳೆಲ್ಲ ನೋ-ಶೋ ಆಗುತ್ತವೆ. ಮೇಷ್ಟ್ರ ಮನೆಯವರು ಮೇಲಿನ ಮಹಡಿಯಲ್ಲಿ ನಿದ್ದೆಯಲ್ಲಿದ್ದಾಗಲೇ ಕೆಳಗಿನ ಕಂಪ್ಯೂಟರಿನಲ್ಲಿ ಅವರು ಬಾರದವರಾಗಿದ್ದರು. ರಾತ್ರಿ ಒಂದೂವರೆಗೋ ಎರಡಕ್ಕೋ ಹೋಟೆಲ್ ತಲುಪುವವರಿಗೂ ಹೀಗೇ ಆಗುತ್ತದೆ, ಅವರು ಬರುವಷ್ಟರಲ್ಲಿ ಹೋಟೆಲ್‌ನ ದಿನ ಮುಗಿದಿರುತ್ತದೆ.

ಇದು ಗೊಂದಲವೋ ಮೋಸವೋ ಎಂದು ಗುರುತಿಸಲು ಆಗುತ್ತದೆಯೇ?

ಬಿಲ್ಲನ್ನು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ನಮ್ಮ ಪ್ರಕರಣದಲ್ಲಿ ಬಿಲ್ ಮೇಷ್ಟ್ರ ಹೆಸರಿನಲ್ಲಿತ್ತು, ‘ಬುಕಿಂಗ್ ಮೂಲ’ ಎಂಬಲ್ಲಿ ವಾಕ್-ಇನ್ ಎಂದಿತ್ತು. ಆದರೆ ದಿನಾಂಕ, ರೂಮುಗಳ ಸಂಖ್ಯೆ, ರೂಮಿನ ಬಗೆ ಎಲ್ಲವೂ ನಮ್ಮ ಬುಕಿಂಗ್‌ಗೆ ಸರಿಹೊಂದುತ್ತಿದ್ದವು. ದರವೂ ನಾವು ವೋಚರ್‌ನಲ್ಲಿ ಬರೆದುಕೊಟ್ಟಂತೆ ಒಂದು ರೂಮಿಗೆ ರಾತ್ರಿಗೆ ₹2,400 ಆಗಿತ್ತು, ಏಕೆಂದರೆ ಬಿಲ್ ಮಾಡಿಸುವಾಗ ಮೇಷ್ಟ್ರು ವೋಚರ್‌ನಲ್ಲಿನ ದರ ತೋರಿಸಿ ಅದನ್ನೇ ಹಾಕಿಸಿಕೊಂಡಿದ್ದರು. ಇದಕ್ಕೆ ಬದಲಾಗಿ, ‘ಆನ್‌ಲೈನ್ ಬುಕಿಂಗ್ ರದ್ದು ಮಾಡಿ, ನೇರವಾಗಿ ಕೊಟ್ಟರೆ ಇನ್ನೂರು ಕಡಿಮೆ ಮಾಡುತ್ತೇವೆ’ ಎಂದು ಅತಿಥಿಗೆ ಯಾರಾದರೂ ಹೇಳಿದ್ದರೆ ಅದು ಬೇರೆಯೇ ಮಾತು. ಹಾಗಾಗಿ ಅತಿಥಿಯನ್ನು ಈ ಒಂದು ಪ್ರಶ್ನೆ ಕೇಳಿಯೇ ಇಮೇಲ್ ಬರೆಯಬೇಕು.

ಯಾವುದೇ ಆಗಿರಲಿ, ಮೊದಲ ಇಮೇಲ್‌ನಲ್ಲಿ ‘ಮೋಸ’ ಎಂಬ ಪದ ಬೇಡ. ಆ ಪದ ಕಂಡೊಡನೆ ಹೋಟೆಲ್‌ನವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ಗುರುತನ್ನು ಬೇಗ ತಿದ್ದಿಸಬಲ್ಲವರು ಅವರೇ, ಅವರು ಒಪ್ಪಿಕೊಳ್ಳಲು ದಾರಿ ಬಿಡಬೇಕು.

ಹೋಟೆಲ್‌ಗೆ ಮೊದಲು ಫೋನ್ ಮಾಡಬೇಕೆ?

ಮಾಡಬೇಕು, ಆದರೆ ಅಷ್ಟಕ್ಕೇ ನಿಲ್ಲಬಾರದು. ನಾನು ಫೋನ್ ಮಾಡಿದಾಗ ಮ್ಯಾನೇಜರ್, ‘ಸಾರ್, ಆ ಹೆಸರಿನಲ್ಲಿ ಯಾರೂ ಬಂದಿಲ್ಲ’ ಎಂದರು. ‘ಬಿಲ್ ಸಂಖ್ಯೆ ಹೇಳುತ್ತೇನೆ, ಸ್ವಲ್ಪ ನೋಡಿ’ ಎಂದು ಕೇಳಿಕೊಂಡೆ. ಎರಡು ನಿಮಿಷ ಬಿಟ್ಟು, ‘ಓ, ಇವರಾ!’ ಎಂದರು. ಮಾತು ಮುಗಿದ ಕೂಡಲೇ ಅದೇ ವಿಷಯವನ್ನು ವಾಟ್ಸಾಪ್‌ನಲ್ಲಿ ಅವರಿಗೆ ಬರೆದು ಕಳಿಸಿದೆ: ‘ಈಗ ಮಾತಾಡಿದಂತೆ, ಈ ಬಿಲ್ ಸಂಖ್ಯೆಯ ಅತಿಥಿಗಳು ಈ ಬುಕಿಂಗ್‌ನವರೇ ಎಂದು ನೀವು ತಿಳಿಸಿದ್ದೀರಿ, ದಯವಿಟ್ಟು ತಾಣದಲ್ಲಿ ಸರಿಪಡಿಸಿ.’ ಅದಕ್ಕೆ ‘ಓಕೆ ಸಾರ್’ ಎಂಬ ಉತ್ತರ ಬಂತು. ಆ ಎರಡು ಪದ ಆಮೇಲೆ ಬಹಳ ಕೆಲಸಕ್ಕೆ ಬಂದವು. ಹೋಟೆಲ್‌ನ ಕಡೆಯಿಂದ ಗುರುತು ಬದಲಿಸುವ ಅವಧಿ ಮುಗಿದಿದ್ದರಿಂದ ಅವರಿಂದ ನೇರವಾಗಿ ತಿದ್ದಲು ಆಗಲಿಲ್ಲ, ತಾಣದವರೇ ತಿದ್ದಬೇಕಾಯಿತು.

ಯಾವ ಸಾಕ್ಷ್ಯ ಗಟ್ಟಿ, ಯಾವುದು ಪೊಳ್ಳು?

ಅತಿಥಿ ಉಳಿದ ಹೊತ್ತಿನಲ್ಲೇ ಹುಟ್ಟಿದ, ನಮ್ಮ ಕೈಯಿಂದ ಹೊರಗೆ ತಯಾರಾದ ಕಾಗದವೇ ಗಟ್ಟಿ. ಎಲ್ಲಕ್ಕಿಂತ ಮೇಲೆ ನಿಲ್ಲುವುದು ಹೋಟೆಲ್‌ನ ಜಿಎಸ್‌ಟಿ ಬಿಲ್. ಅದರಲ್ಲಿ ಬಿಲ್ ಸಂಖ್ಯೆ, ಬಂದ ಮತ್ತು ಹೋದ ದಿನಾಂಕ, ರೂಮ್ ಸಂಖ್ಯೆ, ತೆರಿಗೆ ಎಲ್ಲವೂ ಇರುತ್ತವೆ. ಹೋಟೆಲ್ ತಾನೇ ಕೊಟ್ಟ ಬಿಲ್ಲನ್ನು ತಾನೇ ಅಲ್ಲಗಳೆಯುವುದು ಕಷ್ಟ.

ಎರಡನೆಯದು ಪಾವತಿಯ ದಾಖಲೆ. ಯುಪಿಐ ಮೂಲಕ ಕೊಟ್ಟಿದ್ದರೆ ಹಣ ಪಡೆದವರ ಹೆಸರು, ಸಮಯ ಮತ್ತು 12 ಅಂಕಿಗಳ ವ್ಯವಹಾರ ಸಂಖ್ಯೆ ಕಾಣುವಂತೆ ಅತಿಥಿಯಿಂದ ಚಿತ್ರ ತರಿಸಿಕೊಳ್ಳಿ. ಮೇಷ್ಟ್ರ ಅಳಿಯ 16ರ ಬೆಳಿಗ್ಗೆ 9.40ಕ್ಕೆ ₹10,080 ಕೊಟ್ಟಿದ್ದರು, ಬಿಲ್ಲಿನ ಮೊತ್ತವೂ ಅಷ್ಟೇ ಇತ್ತು. ಎರಡು ಕಾಗದಗಳು ರೂಪಾಯಿಗೆ ರೂಪಾಯಿ ತಾಳೆಯಾದಾಗ ತಾಣದವರಿಗೆ ಹೆಚ್ಚು ವಿವರಿಸಬೇಕಾಗಿ ಬರುವುದಿಲ್ಲ.

ಶ್ರೀರಂಗಪಟ್ಟಣದ ಬಳಿಯ ಗಣಂಗೂರು ಟೋಲ್ ದಾಟಿದ ಫಾಸ್ಟ್ಯಾಗ್ ಸಂದೇಶವೂ ನಮ್ಮ ಬಳಿ ಇತ್ತು. ಕಾರು ಅಂದು ರಾತ್ರಿ ಮೈಸೂರಿನ ಕಡೆಗೆ ಹೋಯಿತೆಂದು ಅದು ತೋರಿಸುತ್ತದೆಯೇ ಹೊರತು ಆ ಹೋಟೆಲ್‌ನಲ್ಲಿ ಉಳಿದರೆಂದು ತೋರಿಸುವುದಿಲ್ಲ. ಹೀಗಾಗಿ ಅದನ್ನು ಪೂರಕವಾಗಿ ಕೊನೆಯಲ್ಲಿ ಇಟ್ಟೆ. ‘ನಮ್ಮ ಗಿರಾಕಿ ಉಳಿದಿದ್ದಾರೆ ಎಂದು ಹೇಳಿದರು’ ಎಂಬ ನಮ್ಮ ಮಾತಿಗೆ ಮಾತ್ರ ಯಾವ ಬೆಲೆಯೂ ಇಲ್ಲ.

ಗುರುತಿನ ಚೀಟಿಯನ್ನು ಕಳಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕೇಳಿದರೂ, ಅತಿಥಿಯ ಒಪ್ಪಿಗೆ ಪಡೆದು, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ. ಐನೂರು ರೂಪಾಯಿಯ ಕಮಿಷನ್‌ಗಾಗಿ ನಂಬಿ ಬಂದವರ ಪೂರ್ತಿ ಆಧಾರ್ ಸಂಖ್ಯೆಯನ್ನು ಊರೆಲ್ಲ ಸುತ್ತಿಸುವುದು ತಪ್ಪು.

ಅತಿಥಿ ನಗದು ಕೊಟ್ಟಿದ್ದಾರೆ, ಬಿಲ್ಲೂ ತಂದಿಲ್ಲ. ಏನು ಮಾಡುವುದು?

ಹೋಟೆಲ್‌ಗೆ ಫೋನ್ ಮಾಡಿ ಬಿಲ್ಲಿನ ನಕಲು ಕೇಳುವಂತೆ ಅತಿಥಿಗೇ ಹೇಳಿ, ನಾವು ಕೇಳಿದರೆ ಕೊಡದಿದ್ದರೂ ಅವರು ಕೇಳಿದರೆ ಕೊಡುತ್ತಾರೆ. ಅದೂ ಸಿಗದಿದ್ದರೆ ರೂಮ್ ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಮೊತ್ತವನ್ನು ಅತಿಥಿಯೇ ತಮ್ಮ ಇಮೇಲ್‌ನಿಂದ ತಾಣಕ್ಕೆ ಬರೆದು ನಮಗೂ ಪ್ರತಿ ಹಾಕಲಿ, ಮತ್ತು ರಿಜಿಸ್ಟರಿನ ಆ ದಿನದ ಪುಟವನ್ನು ಹೋಟೆಲ್‌ನಿಂದ ತರಿಸಿ ನೋಡುವಂತೆ ತಾಣವನ್ನು ಕೋರಿ. ಇಷ್ಟಾದರೂ ಫಲ ಖಚಿತವಲ್ಲ, ಕಾಗದವಿಲ್ಲದ ಪ್ರಕರಣಗಳಲ್ಲಿ ನಾನು ಸೋತದ್ದೂ ಉಂಟು.

ಇಮೇಲ್ ಹೇಗಿರಬೇಕು? ಮಾದರಿ ಕೊಡುತ್ತೀರಾ?

ಓದುವವರು ದಿನಕ್ಕೆ ನೂರಾರು ದೂರುಗಳನ್ನು ನೋಡುವವರು. ವಿಷಯದ ಸಾಲಿನಲ್ಲೇ ಬುಕಿಂಗ್ ಸಂಖ್ಯೆ, ತಪ್ಪು ಮತ್ತು ಮೊತ್ತ ಇರಬೇಕು. ಹೆಸರಿನ ವ್ಯತ್ಯಾಸದಂತಹ ನಮ್ಮ ಕಡೆಯ ದುರ್ಬಲ ಅಂಶವನ್ನು ನಾವೇ ಮೊದಲು ಹೇಳಿಬಿಡಬೇಕು. ನಾವು ಮುಚ್ಚಿಟ್ಟು ಅವರು ಕಂಡುಹಿಡಿದರೆ ಉಳಿದ ಕಾಗದಗಳ ಮೇಲೂ ಸಂಶಯ ಬರುತ್ತದೆ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

> ವಿಷಯ: ಬುಕಿಂಗ್ ಸಂಖ್ಯೆ (…): ಅತಿಥಿ ಉಳಿದಿದ್ದಾರೆ, ನೋ-ಶೋ ಗುರುತು ತಪ್ಪು, ಕಮಿಷನ್ ₹576 ಬಾಕಿ
>
> ಮಾನ್ಯರೇ,
>
> ನಮ್ಮ ಏಜೆಂಟ್ ಖಾತೆ (…) ಮೂಲಕ ಮೈಸೂರಿನ ಸದರಿ ಹೋಟೆಲ್‌ನಲ್ಲಿ ನವೆಂಬರ್ 14ರಿಂದ 16ರವರೆಗೆ ಎರಡು ರೂಮುಗಳನ್ನು ಕಾಯ್ದಿರಿಸಲಾಗಿತ್ತು. ಡಿಸೆಂಬರ್ 5ರಂದು ಬಂದ ಲೆಕ್ಕಪತ್ರದಲ್ಲಿ ಈ ಬುಕಿಂಗ್ ನೋ-ಶೋ ಎಂದಿದ್ದು, ಕಮಿಷನ್ ಸೊನ್ನೆ ಎಂದು ತೋರಿಸಲಾಗಿದೆ.
>
> ಅತಿಥಿಗಳು ಎರಡೂ ರಾತ್ರಿ ಎರಡೂ ರೂಮುಗಳಲ್ಲಿ ಉಳಿದಿದ್ದಾರೆ. ಬುಕಿಂಗ್ ಮಗಳ ಹೆಸರಿನಲ್ಲಿತ್ತು, ರಿಜಿಸ್ಟರಿನಲ್ಲಿ ತಂದೆ ಸಹಿ ಮಾಡಿದ್ದಾರೆ. ಈ ಕಾರಣದಿಂದ ಹೋಟೆಲ್ ಅವರನ್ನು ಹೊಸ ಅತಿಥಿಗಳೆಂದು ನಮೂದಿಸಿದ್ದು, ಮೂಲ ಬುಕಿಂಗ್ ನೋ-ಶೋ ಆಗಿ ಉಳಿದಿದೆ. ಹೋಟೆಲ್‌ನ ಬಿಲ್ (ಸಂಖ್ಯೆ …), ₹10,080ರ ಯುಪಿಐ ಪಾವತಿ ದಾಖಲೆ ಮತ್ತು ಹೋಟೆಲ್ ಮ್ಯಾನೇಜರ್ ಅವರ ವಾಟ್ಸಾಪ್ ಉತ್ತರವನ್ನು ಲಗತ್ತಿಸಿದ್ದೇನೆ.
>
> ನಮ್ಮ ಕೋರಿಕೆಗಳು ಎರಡು. ಒಂದು, ಬುಕಿಂಗ್ ಗುರುತನ್ನು ‘ಉಳಿದಿದ್ದಾರೆ’ ಎಂದು ತಿದ್ದಿ, ನಮ್ಮ ಖಾತೆಯ ನೋ-ಶೋ ಎಣಿಕೆಯಿಂದ ಇದನ್ನು ತೆಗೆಯಬೇಕು. ಎರಡು, ತೆರಿಗೆ ಹೊರತಾದ ರೂಮ್ ಬಾಡಿಗೆ ₹9,600ರ ಮೇಲೆ ಒಪ್ಪಂದದ 6 ಪ್ರತಿಶತದಂತೆ ₹576 ಕಮಿಷನ್ ಅನ್ನು ಮುಂದಿನ ಲೆಕ್ಕದಲ್ಲಿ ಸೇರಿಸಬೇಕು.
>
> ಈ ಕೋರಿಕೆಗಳನ್ನು ಒಪ್ಪದಿದ್ದಲ್ಲಿ, ಹೋಟೆಲ್ ನಿಮಗೆ ಸಲ್ಲಿಸಿದ ಆಧಾರವೇನು ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೊನೆಯ ವಾಕ್ಯವನ್ನು ಬಿಡಬೇಡಿ. ಏಕೆಂದು ಮುಂದೆ ಹೇಳುತ್ತೇನೆ.

ತಾಣದವರಿಗೆ ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ಹಲವು ತಾಣಗಳ ಸಹಾಯ ವಿಭಾಗ ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಂಡು, ಅತಿಥಿಗೆ ಓದಿ ಹೇಳಿ, ವಿವರಗಳು ಸರಿಯೆಂದು ಖಚಿತವಾದ ಮೇಲೆ ಇಂಗ್ಲಿಷಿಗೆ ತಿರುಗಿಸಿ. ಮಗಳ ಹೆಸರು, ತಂದೆಯ ಸಹಿ ಎಂಬ ಮುಖ್ಯ ಸಂಗತಿ ನನಗೆ ಗೊತ್ತಾದದ್ದು ಹಾಗೆ ಓದಿ ಹೇಳುವಾಗಲೇ. ‘ಅಯ್ಯೋ, ಸಹಿ ಹಾಕಿದ್ದು ನಾನಲ್ಲವೇ’ ಎಂದು ಮೇಷ್ಟ್ರು ಅಂದರು.

‘ಅತಿಥಿ ಬಂದಿಲ್ಲವೆಂದು ಹೋಟೆಲ್ ದೃಢಪಡಿಸಿದೆ, ದೂರು ಮುಕ್ತಾಯ’ ಎಂದು ಉತ್ತರ ಬಂದರೆ?

ನನಗೂ ಎರಡೇ ದಿನಕ್ಕೆ ಇದೇ ಉತ್ತರ ಬಂತು. ತಾಣದವರು ಹೋಟೆಲ್‌ಗೆ ಸ್ವಯಂಚಾಲಿತ ಸಂದೇಶ ಕಳಿಸಿ, ಮಗಳ ಹೆಸರು ಹೇಳಿ, ‘ಇವರು ಬಂದಿದ್ದರೇ’ ಎಂದು ಕೇಳಿರುತ್ತಾರೆ. ಅಲ್ಲಿ ಕುಳಿತವರು ಅದೇ ಹೆಸರನ್ನು ಹುಡುಕಿ ‘ಇಲ್ಲ’ ಎಂದಿರುತ್ತಾರೆ. ಯಾರೂ ಸುಳ್ಳು ಹೇಳಿಲ್ಲ, ಪ್ರಶ್ನೆಯೇ ತಪ್ಪಾಗಿತ್ತು.

ಇಂಥ ಸಂದರ್ಭದಲ್ಲಿ ಹೊಸ ದೂರು ತೆರೆಯಬೇಡಿ, ತೆರೆದರೆ ಲಗತ್ತುಗಳೆಲ್ಲ ಹಳೆಯದರಲ್ಲೇ ಉಳಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದೇ ಇಮೇಲ್ ಸರಣಿಯಲ್ಲಿ ಉತ್ತರಿಸಿ, ಹೋಟೆಲ್‌ಗೆ ಕೇಳಬೇಕಾದ ಪ್ರಶ್ನೆಯನ್ನು ನೀವೇ ಬರೆದುಕೊಡಿ. ನಾನು ಬರೆದದ್ದು ಇಷ್ಟು: ‘ದಯವಿಟ್ಟು ಅತಿಥಿಯ ಹೆಸರಿನಿಂದ ಕೇಳಬೇಡಿ. ಈ ಸಂಖ್ಯೆಯ ಬಿಲ್ ನಿಮ್ಮದೇ, ಆ ಬಿಲ್ಲಿನ ರೂಮುಗಳಲ್ಲಿ ನವೆಂಬರ್ 14 ಮತ್ತು 15ರ ರಾತ್ರಿ ಯಾರು ಉಳಿದಿದ್ದರು ಎಂದು ಕೇಳಿ. ಹೋಟೆಲ್ ಸಲ್ಲಿಸಿದ ಆಧಾರದ ಬಗ್ಗೆ ನನ್ನ ಮೊದಲ ಇಮೇಲ್‌ನ ಕೊನೆಯ ಕೋರಿಕೆಗೆ ಉತ್ತರ ಬಂದಿಲ್ಲ.’ ಆಧಾರ ತೋರಿಸಿ ಎಂಬ ಲಿಖಿತ ಕೋರಿಕೆ ಉತ್ತರವಿಲ್ಲದೆ ನಿಂತಿರುವಾಗ ದೂರನ್ನು ಮುಚ್ಚುವುದು ಅವರಿಗೂ ಕಷ್ಟ. ಒಂಬತ್ತನೆಯ ದಿನ ಗುರುತು ಬದಲಾಯಿತು, ಜನವರಿಯ ಲೆಕ್ಕದಲ್ಲಿ ₹576 ಸೇರಿತು.

ಐನೂರ ಎಪ್ಪತ್ತಾರು ರೂಪಾಯಿಗೆ ಇಷ್ಟೆಲ್ಲ ಬೇಕೇ?

ನಮ್ಮಂಥವರ ಅಂಗಡಿಗೆ ಅದು ಒಂದು ದಿನದ ಟೀ, ವಿದ್ಯುತ್, ಇಂಟರ್ನೆಟ್ ಖರ್ಚು. ಅದಕ್ಕಿಂತಲೂ ಮುಖ್ಯವಾದದ್ದು ಖಾತೆಯ ನೋ-ಶೋ ಎಣಿಕೆ. ಅದು ಏರುತ್ತಾ ಹೋದರೆ ‘ಹೋಟೆಲ್‌ನಲ್ಲೇ ಪಾವತಿ’ ಸೌಲಭ್ಯವನ್ನು ನಮ್ಮ ಖಾತೆಗೆ ನಿಲ್ಲಿಸಬಹುದು, ಮುಂಗಡ ಕೊಡಲು ಹಿಂಜರಿಯುವ ಹಳ್ಳಿಯ ಗಿರಾಕಿಗಳು ಆಗ ನಮ್ಮ ಕೈತಪ್ಪುತ್ತಾರೆ.

ಮೊತ್ತ ನಾವು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಬಂದರೆ?

ಕಮಿಷನ್ ಲೆಕ್ಕ ಸಾಮಾನ್ಯವಾಗಿ ತೆರಿಗೆ ಹೊರತಾದ ಬಾಡಿಗೆಯ ಮೇಲೆ. ಬಿಲ್ಲಿನ ₹10,080ರಲ್ಲಿ ₹480 ಜಿಎಸ್‌ಟಿ, ಅದನ್ನು ಬಿಟ್ಟೇ ನಾನು ₹9,600 ಎಂದು ಕೇಳಿದ್ದು. ಎರಡರಲ್ಲಿ ಒಂದೇ ರೂಮು ಬಳಸಿದ್ದರೆ ಅಥವಾ ಒಂದು ರಾತ್ರಿ ಮೊದಲೇ ಹೊರಟಿದ್ದರೆ ಅಷ್ಟಕ್ಕೆ ಮಾತ್ರ ಕೇಳಬೇಕು. ವರ್ಷದ ಕಮಿಷನ್ ₹20,000 ದಾಟಿದರೆ ಟಿಡಿಎಸ್ ಕಡಿತವೂ ಇರುತ್ತದೆ. ಈ ಮಿತಿ 2025ರ ಏಪ್ರಿಲ್ 1ರಿಂದ ಬಂದದ್ದು, 2 ಪ್ರತಿಶತದ ದರ 2024ರ ಅಕ್ಟೋಬರ್ 1ರಿಂದ ಬಂದದ್ದು. ಪ್ಯಾನ್ ಕೊಡದಿದ್ದರೆ ಕಡಿತ ಬಹಳ ಹೆಚ್ಚು.

ನೋ-ಶೋ ದಂಡವೆಂದು ಅತಿಥಿಯ ಕಾರ್ಡಿನಿಂದಲೂ ಹಣ ಹೋಗಿದೆ. ಅದನ್ನೂ ಇದೇ ಇಮೇಲ್‌ನಲ್ಲಿ ಕೇಳಬಹುದೇ?

ಬೇಡ. ಅದು ಅತಿಥಿಯ ಹಣ, ಅವರೇ ಕೇಳಬೇಕು. ನೀವು ಹೊಂದಿಸಿಟ್ಟ ಬಿಲ್ ಮತ್ತು ಪಾವತಿ ದಾಖಲೆಯನ್ನು ಅವರಿಗೆ ಕೊಟ್ಟು, ತಾಣಕ್ಕೂ ಕಾರ್ಡ್ ಕೊಟ್ಟ ಬ್ಯಾಂಕಿಗೂ ತಕರಾರು ಸಲ್ಲಿಸುವಂತೆ ಹೇಳಿ. ಅವರು ಗ್ರಾಹಕರಾದ್ದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು.

ತಾಣದವರು ಕೊನೆಗೂ ಒಪ್ಪದಿದ್ದರೆ ನಮಗೆ ಬೇರೆ ದಾರಿ ಇದೆಯೇ?

ನಮ್ಮದು ವ್ಯಾಪಾರದ ಒಪ್ಪಂದವಾದ್ದರಿಂದ ಗ್ರಾಹಕರ ದಾರಿ ನಮಗೆ ಸುಲಭವಾಗಿ ಒಗ್ಗುವುದಿಲ್ಲ. ಒಪ್ಪಂದದಲ್ಲಿ ವಿವಾದ ಇತ್ಯರ್ಥದ ಕಲಮನ್ನು ಓದಿ, ಯಾವ ಊರಿನ ನ್ಯಾಯಾಲಯ, ಮಧ್ಯಸ್ಥಿಕೆ ಇದೆಯೇ ಎಂಬುದು ಅಲ್ಲಿರುತ್ತದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಉದ್ಯಮಗಳು, ಸೇವೆಗೆ ಬರಬೇಕಾದ ಹಣ 45 ದಿನ ಮೀರಿ ಬಾಕಿ ಉಳಿದಾಗ, 2006ರ ಎಂಎಸ್‌ಎಂಇ ಕಾಯ್ದೆಯಡಿ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಬಹುದು. ತಾಣದ ಕಂಪನಿ ವಿದೇಶದ್ದಾಗಿದ್ದರೆ ಇದು ತೊಡಕಾಗುತ್ತದೆ. ಒಂದು ಬುಕಿಂಗ್‌ಗಾಗಿ ಅಲ್ಲಿಗೆ ಹೋಗುವುದಕ್ಕಿಂತ, ಇಂಥ ಹಲವು ಪ್ರಕರಣಗಳು ಸೇರಿ ಮೊತ್ತ ದೊಡ್ಡದಾದಾಗ ವಕೀಲರನ್ನು ಕೇಳಿ ಮುಂದುವರಿಯುವುದು ಲೇಸು.

ಮುಂದೆ ಹೀಗಾಗದಂತೆ ಬುಕಿಂಗ್ ಮಾಡುವಾಗಲೇ ಏನು ಮಾಡಬಹುದು?

ಈಗ ನಾನು ಫೋನ್ ಮಾಡಿದವರ ಹೆಸರನ್ನು ಬರೆದುಕೊಳ್ಳುವುದಿಲ್ಲ. ‘ರಿಸೆಪ್ಷನ್‌ನಲ್ಲಿ ಆಧಾರ್ ಕೊಟ್ಟು ಸಹಿ ಹಾಕುವವರು ಯಾರು’ ಎಂದು ಕೇಳಿ ಅವರ ಹೆಸರಿನಲ್ಲೇ ಬುಕ್ ಮಾಡುತ್ತೇನೆ. ರಾತ್ರಿ ಹತ್ತರ ನಂತರ ತಲುಪುವವರಿದ್ದರೆ ಬರುವ ಹೊತ್ತನ್ನು ಬುಕಿಂಗ್‌ನ ವಿಶೇಷ ಸೂಚನೆಯಲ್ಲಿ ನಮೂದಿಸುತ್ತೇನೆ. ವೋಚರ್‌ನ ಮೇಲ್ಭಾಗದಲ್ಲಿ ಬುಕಿಂಗ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿ, ಕೆಳಗೆ ಕೈಯಲ್ಲೇ ಒಂದು ಸಾಲು ಬರೆದುಕೊಡುತ್ತೇನೆ: ‘ಹೆಸರು ಹೇಳುವ ಮೊದಲು ಈ ಸಂಖ್ಯೆ ತೋರಿಸಿ, ಹೊರಡುವಾಗ ಬಿಲ್ಲಿನ ಫೋಟೋ ನನಗೆ ಕಳಿಸಿ.’ ಮೇಷ್ಟ್ರು ಮೊನ್ನೆ ಧರ್ಮಸ್ಥಳಕ್ಕೆ ಹೋಗುವಾಗಲೂ ಅದನ್ನೇ ಒಯ್ದರು, ಹಿಂದಿರುಗುವ ಮೊದಲೇ ಬಿಲ್ಲಿನ ಫೋಟೋ ನನ್ನ ಫೋನಿಗೆ ಬಂದಿತ್ತು.